ಊಟದ ನಂತರದ ತೂಕಡಿಕೆಗೆ ಎಂಥ ಕೆಲಸ ಕೊಡಬೇಕು: ನನ್ನ ಅನುಭವ

ನಾನು ಯಂತ್ರಗಳ ಕೈಪಿಡಿ ಅನುವಾದ ಮಾಡುವವನು. ಮನೆಯಲ್ಲೇ ಕೂತು ಕೆಲಸ, ಪದಕ್ಕೆ ಇಷ್ಟು ಅಂತ ದುಡ್ಡು, ತಪ್ಪು ಜಾಸ್ತಿಯಾದರೆ ಕಡಿತ. ಕಷ್ಟದ ಕೆಲಸ ಚುರುಕಾಗಿರುವಾಗ ಮಾಡು, ಸುಲಭದ್ದನ್ನು ಊಟ ಆದಮೇಲೆ ಇಟ್ಟುಕೋ ಅನ್ನೋದು ನಿಮಗೆಲ್ಲ ಗೊತ್ತಿರೋದೇ. ನನಗೂ ಗೊತ್ತಿತ್ತು. ಆದರೂ ಒಂದು ವರ್ಷ ಅದನ್ನು ತಪ್ಪಾಗಿ ಮಾಡಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಜೊತೆಗೆ ಕೆಲಸ ಮಾಡುವ ಗೆಳತಿಯೊಬ್ಬಳು, "ಕೆಲಸ ಬಂದಾಗ ಮಾಡೋದು ಬಿಟ್ಟು ಮುಹೂರ್ತ ನೋಡ್ತಾ ಕೂತಿದ್ದೀಯಲ್ಲ" ಅಂತ ಆಡಿಕೊಂಡಿದ್ದಳು. ಆ ಕೋಪವೂ ಸ್ವಲ್ಪ ಇದೆ.

ಮೊದಲ ತಪ್ಪು, ಬೇರೆಯವರ ಗಡಿಯಾರ ತಂದು ಕಟ್ಟಿಕೊಂಡದ್ದು. ಬೆಳಿಗ್ಗೆ 5ಕ್ಕೆ ಎದ್ದು ಕಷ್ಟದ ಅಧ್ಯಾಯ ಹಿಡಿದೆ. ನಾನು ಸಹಜವಾಗಿ ಏಳುವುದು 7ಕ್ಕೆ. ಎರಡು ವಾರದಲ್ಲಿ ಊಟದ ನಂತರದ ತೂಕಡಿಕೆ ಊಟಕ್ಕೂ ಮುಂಚೆಯೇ ಬರಲು ಶುರುವಾಯಿತು. ಬಿಟ್ಟೆ.

ಎರಡನೆಯದು, ಹುಮ್ಮಸ್ಸನ್ನು ನಂಬಿದ್ದು. ರಾತ್ರಿ 9ರಿಂದ 11ರವರೆಗೆ ನನ್ನ ಕೈ ಓಡುತ್ತದೆ. ಗಂಟೆಗೆ ನಾನೂರು ಪದ ದಾಟುತ್ತದೆ. ಇದೇ ನನ್ನ ಒಳ್ಳೆಯ ಹೊತ್ತು ಅಂದುಕೊಂಡು ಎಲ್ಲ ಕಷ್ಟದ ಭಾಗವನ್ನೂ ಅಲ್ಲಿಗೆ ಹಾಕಿದೆ. ಆ ತಿಂಗಳು ಬಂದ ಕಡಿತ ನೋಡಿ ಎದೆ ಒಡೆಯಿತು, ಸಿಗಬೇಕಾದ ದುಡ್ಡಿನಲ್ಲಿ ಹತ್ತರಲ್ಲಿ ಒಂದು ಭಾಗ ಹೋಗಿತ್ತು.

ಆಗಲೇ ಚೀಟಿ ಬರೆಯಲು ಶುರು ಮಾಡಿದ್ದು. ಪ್ರತಿ ಗಂಟೆಗೆ ಎರಡೇ ಅಂಕಿ: ಎಷ್ಟು ಪದ ಆಯಿತು, ಮರುದಿನ ಓದಿದಾಗ ಎಷ್ಟು ತಪ್ಪು ಸಿಕ್ಕಿತು. ಮರುದಿನದ ಅಂಕಿ ಇಲ್ಲದಿದ್ದರೆ ಈ ಚೀಟಿಯೇ ದಂಡ, ಯಾಕೆಂದರೆ ಬರೆಯುವಾಗ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಮೂರು ವಾರ ಬರೆದೆ. ನೆನಪಿನಿಂದ ಹೇಳುತ್ತೇನೆ, ಬೆಳಿಗ್ಗೆ 9:30ರಿಂದ 12:30ರವರೆಗೆ ಗಂಟೆಗೆ ಮುನ್ನೂರೈವತ್ತು ಪದ, ಸಾವಿರ ಪದಕ್ಕೆ ಮೂರೋ ನಾಲ್ಕೋ ತಪ್ಪು. 2ರಿಂದ 3:30ರವರೆಗೆ ಪದ ಇನ್ನೂರಕ್ಕೆ ಇಳಿದು ತಪ್ಪು ಹನ್ನೊಂದು ಹನ್ನೆರಡಕ್ಕೆ ಏರುತ್ತಿತ್ತು. ಸಂಜೆ 5ರಿಂದ 6:30 ಮತ್ತೆ ಪರವಾಗಿಲ್ಲ, ಐದು ತಪ್ಪು. ಆ ರಾತ್ರಿಯ ಓಟ ಇತ್ತಲ್ಲ, ಅದರಲ್ಲಿ ಸಾವಿರಕ್ಕೆ ಒಂಬತ್ತು. ಅದನ್ನು ತಿದ್ದಲು ಮರುದಿನ ಬೆಳಗಿನ ಒಳ್ಳೆಯ ಹೊತ್ತಿನಲ್ಲೇ ಒಂದು ಗಂಟೆ ಹೋಗುತ್ತಿತ್ತು. ರಾತ್ರಿ ಇದ್ದದ್ದು ಚುರುಕಲ್ಲ, ಧೈರ್ಯ ಅಷ್ಟೇ.

ಸರಿ, ಬೆಳಗಿನ ಮೂರು ಗಂಟೆ ಕಷ್ಟದ ಅನುವಾದಕ್ಕೆ ಅಂತ ಬೀಗ ಹಾಕಿದೆ. ಫೋನು ಬೇರೆ ಕೋಣೆಯಲ್ಲಿ. ಇದರಿಂದ ಒಬ್ಬ ಗ್ರಾಹಕರು ಕೈಬಿಟ್ಟರು, ಬೆಳಿಗ್ಗೆ ಉತ್ತರ ಸಿಗಲ್ಲ ಅಂತ. ಉಳಿದವರಿಗೆ ಮೊದಲೇ ಹೇಳಿದ್ದೆ, ಒಗ್ಗಿಕೊಂಡರು.

ಮೂರನೆಯ ತಪ್ಪೇ ನಿಜವಾದ ಪಾಠ. ಸುಲಭದ ಕೆಲಸ ಅಂದರೆ ಏನು ಅಂತ ನಾನು ಯೋಚಿಸಿಯೇ ಇರಲಿಲ್ಲ. ಬಿಲ್ ಬರೆಯೋದು, ಕರಡು ತಿದ್ದೋದು, ಕೋಷ್ಟಕದ ಅಂಕಿ ಹೋಲಿಸೋದು, ಎಲ್ಲವನ್ನೂ 2 ಗಂಟೆಗೆ ತಳ್ಳಿದೆ. ತಲೆ ಓಡಿಸುವ ಅಗತ್ಯ ಇಲ್ಲವಲ್ಲ! ಒಂದು ಮಧ್ಯಾಹ್ನ ಬಿಲ್ಲಿನಲ್ಲಿ ಪದಗಳ ಸಂಖ್ಯೆಗೆ ಒಂದು ಸೊನ್ನೆ ಕಡಿಮೆ ಹಾಕಿ ಕಳಿಸಿದೆ. ಅವರು ಅಷ್ಟಕ್ಕೇ ದುಡ್ಡು ಕೊಟ್ಟು ಕಡತ ಮುಚ್ಚಿದರು. ಬಾಕಿ ಕೈಗೆ ಬರಲು ಎರಡು ತಿಂಗಳು ಹಿಡಿಯಿತು, ಆ ಎರಡು ತಿಂಗಳು ಸಾಲದಲ್ಲಿ ಕಳೆದೆ. ಇನ್ನೊಂದು ಸಲ, ಬೋಲ್ಟ್ ಬಿಗಿ ಮಾಡುವ ಅಳತೆಯ ಕೋಷ್ಟಕದಲ್ಲಿ ಎರಡು ಸಾಲು ಅದಲುಬದಲಾದದ್ದು ಕಣ್ಣೆದುರೇ ಇದ್ದರೂ ಕಾಣಲಿಲ್ಲ. ಗ್ರಾಹಕರ ಪರಿಶೀಲಕರು ಹಿಡಿದರು, ಇಲ್ಲದಿದ್ದರೆ ಯಾರ ಕೈಗೆ ಏನಾಗುತ್ತಿತ್ತೋ.

ತೂಕಡಿಕೆಯ ಹೊತ್ತಿನಲ್ಲಿ ಮೊದಲು ಕೈಕೊಡುವುದು ಜಾಣತನ ಅಲ್ಲ, ಕಾವಲು. ಒಂದೇ ಥರದ ಸಾಲುಗಳನ್ನು ನೋಡುತ್ತಾ ಅಪರೂಪಕ್ಕೆ ಬರುವ ತಪ್ಪನ್ನು ಹಿಡಿಯುವ ಕೆಲಸ ಕಣ್ಣಿಗೆ ಸುಲಭ ಅನ್ನಿಸುತ್ತದೆ, ಆದರೆ ಆ ಹೊತ್ತಿಗೆ ಅದರಷ್ಟು ಕೆಟ್ಟದ್ದು ಬೇರೆ ಇಲ್ಲ. ಹಾಗಾಗಿ ಈಗ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದರಲ್ಲಿ ತಪ್ಪಾದರೆ ತಕ್ಷಣ ಗೊತ್ತಾಗುತ್ತದಾ? ಇದರಲ್ಲಿ ಬಾಯೋ ಕೈಕಾಲೋ ಆಡುತ್ತದಾ? ಎರಡಕ್ಕೂ ಹೌದು ಅಂದರೆ ಮಾತ್ರ 2 ಗಂಟೆಗೆ. ಗ್ರಾಹಕರಿಗೆ ಫೋನ್ ಮಾಡೋದು ಅಲ್ಲಿಗೆ ಹೇಳಿ ಮಾಡಿಸಿದ್ದು, ನಿಂತು ಮಾತಾಡುತ್ತೇನೆ. ಕಡತಗಳಿಗೆ ಹೆಸರಿಡೋದು, ಹಳೆಯದನ್ನು ನಕಲು ಮಾಡಿ ಇಡೋದು, ಪುಟಗಳ ಅಂಚು ಅಕ್ಷರದ ಗಾತ್ರ ಸರಿಪಡಿಸೋದು, ಇವೂ ಅಲ್ಲೇ. ಬಿಲ್ ಸಂಜೆಗೆ ಹೋಯಿತು. ಅಂಕಿ ಹೋಲಿಕೆ ಬೆಳಿಗ್ಗೆ, ಮೊದಲ ಒಂದೂವರೆ ಗಂಟೆ ಮುಗಿದ ಮೇಲೆ.

ನಡುವೆ ಸುಮ್ನೆ ಕೆಲವು ಪ್ರಯೋಗ ಮಾಡಿದೆ. ಊಟವೇ ಬಿಟ್ಟರೆ? ನಾಲ್ಕು ದಿನ ಬಿಟ್ಟೆ, ತೂಕಡಿಕೆ ಹೆಚ್ಚುಕಡಿಮೆ ಅದೇ 2 ಗಂಟೆಗೆ ಬಂತು, ಜೊತೆಗೆ ಹಸಿವು ಬೇರೆ. ಊಟ ಅದನ್ನು ಜಾಸ್ತಿ ಮಾಡುತ್ತದೆ ಅಷ್ಟೇ, ಹುಟ್ಟಿಸುವುದು ದೇಹದ ಒಳಗಿನ ಗಡಿಯಾರವೂ ಹೌದು. ಹಗುರವಾಗಿ ತಿಂದ ದಿನ ಅರ್ಧ ಗಂಟೆ ಬೇಗ ಬಿಡುತ್ತಿತ್ತು. 4 ಗಂಟೆಯ ಕಾಫಿ ಸಂಜೆಯನ್ನು ಚೆನ್ನಾಗಿ ನಡೆಸಿತು, ಆದರೆ ರಾತ್ರಿ ನಿದ್ದೆ ತಡವಾಗಿ ಮರುದಿನ ಬೆಳಗಿನ ಮೂರು ಗಂಟೆಯಲ್ಲಿ ಒಂದನ್ನು ನುಂಗಿತು. ಲೆಕ್ಕ ಹಾಕಿದರೆ ನಷ್ಟವೇ. ಮಲಗುವ ವಿಷಯದಲ್ಲಿ, 15 ನಿಮಿಷದ ನಿದ್ದೆ ಕೆಲಸಕ್ಕೆ ಬಂತು. 50 ನಿಮಿಷ ಮಲಗಿದ ದಿನ ಎದ್ದಮೇಲೆ ಅರ್ಧ ಗಂಟೆ ನಾನು ಯಾರು ಅಂತಲೇ ಗೊತ್ತಾಗುತ್ತಿರಲಿಲ್ಲ.

ಈಗ ದುಡ್ಡು. ದಿನಕ್ಕೆ ಆಗುವ ಪದ ಹೆಚ್ಚೇನೂ ಆಗಿಲ್ಲ, ನಿಜ ಹೇಳಬೇಕೆಂದರೆ 1,800ರಿಂದ 1,600ಕ್ಕೆ ಇಳಿದಿದೆ. ಆದರೆ ಕಡಿತ ನಿಂತಿದೆ, ಹಾಗಾಗಿ ಅನುವಾದದಿಂದ ಕೈಗೆ ಬರುವುದು ಅಷ್ಟೇ. ಮೊದಲು 10 ಗಂಟೆ ಕೂರುತ್ತಿದ್ದೆ, ಈಗ 7 ಗಂಟೆ. ಮಧ್ಯಾಹ್ನಕ್ಕೆ ಅಂತಲೇ ಇನ್ನೊಬ್ಬ ಗ್ರಾಹಕರಿಂದ ಪುಟ ಜೋಡಿಸುವ ಕೆಲಸ ಹಿಡಿದೆ. ಅದರಿಂದ ಆದಾಯ ಏಳರಲ್ಲಿ ಒಂದು ಪಾಲಿನಷ್ಟು ಹೆಚ್ಚಾಯಿತು. ತೂಕಡಿಸುತ್ತಾ ದುಡಿಯುವವರು ಎಷ್ಟು ಜನ ಇದ್ದಾರೆ ಹೇಳಿ!

ಹೊಂದದ ದಿನಗಳೂ ಇವೆ. ರಜೆಯಲ್ಲಿ ಎರಡು ಗಂಟೆ ತಡವಾಗಿ ಎದ್ದರೆ ಮರುದಿನ ಎಲ್ಲವೂ ಮುಂದಕ್ಕೆ ಜರುಗುತ್ತದೆ, 9:30ಕ್ಕೆ ಕೂತರೂ ಮೊದಲ ಪುಟ ಮಂಜು ಮಂಜು. ಅಂಥ ದಿನ 10:30ರವರೆಗೆ ಮಧ್ಯಾಹ್ನದ ಕೆಲಸವನ್ನೇ ಮಾಡುತ್ತೇನೆ. ನಿದ್ದೆಯೇ ಕೆಟ್ಟಿದ್ದರೆ ಪಟ್ಟಿಯನ್ನು ನೋಡುವುದೇ ಇಲ್ಲ.

ಆಡಿಕೊಂಡ ಗೆಳತಿ ನನ್ನ ಪಟ್ಟಿಯನ್ನು ಹಾಗೇ ನಕಲು ಮಾಡಿ ಒಂದು ವಾರ ನಡೆಸಿ, ಸುಳ್ಳು ಅಂತ ಬೈದಳು. ಅವಳು ಏಳುವುದೇ 10ಕ್ಕೆ. ಚೀಟಿ ಬರೆ ಅಂದೆ. ಮೂರು ವಾರ ಆದಮೇಲೆ ತಂದು ತೋರಿಸಿದಳು, ಅವಳ ತೂಕಡಿಕೆ ಶುರುವಾಗುವುದೇ ಸಂಜೆ 4:30ಕ್ಕೆ. ಇಷ್ಟು ವರ್ಷ ಅವಳು ಬಿಲ್ ಬರೆಯುತ್ತಿದ್ದದ್ದೂ ಅದೇ ಹೊತ್ತಿಗೆ.