ರಾಜೀನಾಮೆ ಪತ್ರದ ಜೊತೆಗೇ ಚಾರ್ಜ್ ವಹಿಸುವ ಪಟ್ಟಿ ಕೊಟ್ಟೆ: ಗುಮಾಸ್ತನೊಬ್ಬನ ಅನುಭವ

"ಎರಡು ಸಾಲು ಬರೆದು ಕೊಟ್ಟು ಹೋಗೋ ಮಾರಾಯ, ಪಟ್ಟಿಗಿಟ್ಟಿ ಅಂತ ಹೋದರೆ ನಿನ್ನ ಕುತ್ತಿಗೆಗೇ ಬರುತ್ತೆ." ನಾನು ರಾಜೀನಾಮೆ ಕೊಡ್ತೀನಿ ಅಂದಾಗ ನಮ್ಮ ಅಕೌಂಟೆಂಟ್ ಹೇಳಿದ ಮಾತಿದು. ಬಾಕಿ ಕೆಲಸದ ಪಟ್ಟಿಯನ್ನು ನಾವೇ ಬರೆದುಕೊಟ್ಟರೆ ನಮ್ಮ ತಪ್ಪನ್ನು ನಾವೇ ಒಪ್ಪಿಕೊಂಡಂತೆ ಅನ್ನೋದು ಅವರ ವಾದ. ಕಚೇರಿಯಲ್ಲಿ ಎಲ್ಲರೂ ಅದನ್ನೇ ಅಂದರು. ಕೊನೆಗೆ ನನ್ನ ಗ್ರಾಚ್ಯುಟಿ ಚೆಕ್ಕು ಕೈಗೆ ಬಂದದ್ದು ಆ ಪಟ್ಟಿಯಿಂದಲೇ.

ನಾನಿದ್ದದ್ದು ಹಾಸನ ಜಿಲ್ಲೆಯ ಒಂದು ತಾಲೂಕು ಊರಿನ ಖಾಸಗಿ ಶಾಲೆಯ ಕಚೇರಿಯಲ್ಲಿ. 2012ರ ಜೂನ್‌ನಲ್ಲಿ ಸೇರಿದೆ, 2023ರ ಸೆಪ್ಟೆಂಬರ್ ಕೊನೆಗೆ ಬಿಟ್ಟೆ. ಆವಕ ಜಾವಕ, ಟಿಸಿ, ಪಿಎಫ್, ಬಸ್ಸಿನ ಕಾಗದ, ಬಿಇಒ ಕಚೇರಿ ಓಡಾಟ, ಎಲ್ಲ ನಂದೇ. ಇಂಥ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡು ಸಾಲಿನ ರಾಜೀನಾಮೆಯ ರುಚಿ ನನಗೆ ಮೊದಲೇ ಗೊತ್ತಿತ್ತು. ಅದಕ್ಕೂ ಹಿಂದೆ ಒಂದು ಲಾರಿ ಆಫೀಸಿನಲ್ಲಿದ್ದೆ. ಅಲ್ಲಿ "ವೈಯಕ್ತಿಕ ಕಾರಣದಿಂದ" ಅಂತ ಬರೆದುಕೊಟ್ಟು ಬಂದುಬಿಟ್ಟೆ. ತಿಂಗಳು ಕಳೆದ ಮೇಲೆ ಯಾವುದೋ ಬಿಲ್ಲಿನ ಫೈಲು ಸಿಗುತ್ತಿಲ್ಲ, ನೀನೇ ಕಳೆದಿದ್ದೀಯ ಅಂದರು. ನಾನು ಯಾರ ಕೈಗೆ ಕೊಟ್ಟೆ ಅನ್ನೋದಕ್ಕೆ ಒಂದು ಚೀಟಿಯೂ ಇರಲಿಲ್ಲ. ಎರಡು ತಿಂಗಳ ಸಂಬಳ, ಹದಿನೆಂಟು ಸಾವಿರದ ಹತ್ತಿರ, ಅಲ್ಲೇ ಮುಳುಗಿತು.

ಈ ಸಲ ಪಟ್ಟಿ ಮಾಡಲೇಬೇಕು ಅಂತ ಕೂತೆ. ಮೊದಲ ಪಟ್ಟಿ ಪೂರ್ತಿ ದಂಡ. ಬೀರುವಿನಲ್ಲಿದ್ದ ಎಲ್ಲ ಫೈಲನ್ನೂ ಬರೆದೆ, ನೂರಾ ನಲವತ್ತು ಸಾಲಾಯಿತು. ಸ್ಥಿತಿ ಅನ್ನುವ ಕಾಲಂನಲ್ಲಿ "ಬಾಕಿ", "ಪ್ರಗತಿಯಲ್ಲಿದೆ", "ಕ್ರಮ ವಹಿಸಲಾಗಿದೆ" ಅಂತ ತುಂಬಿಸಿದೆ. ಮುಖ್ಯ ಶಿಕ್ಷಕರು ಮೂರು ಹಾಳೆ ತಿರುಗಿಸಿ ವಾಪಸ್ ಕೊಟ್ಟರು. "ಇದಕ್ಕೆ ನಾನು ರುಜು ಹಾಕಿದರೆ ಏನನ್ನು ವಹಿಸಿಕೊಂಡೆ ಅಂತ ನನಗೇ ಗೊತ್ತಿರಲ್ಲ ರೀ" ಅಂದರು. ನ್ಯಾಯವಾದ ಮಾತು. "ಪ್ರಗತಿಯಲ್ಲಿದೆ" ಅಂದರೆ ಏನೂ ಆಗಿಲ್ಲ ಅಂತ ನಾವೆಲ್ಲ ಬಲ್ಲೆವು, ಅಲ್ವಾ?

ಮುಗಿದ ಫೈಲನ್ನೆಲ್ಲ ತೆಗೆದು ಬೇರೆ ಹಾಳೆಗೆ ಹಾಕಿದೆ. ಅವುಗಳ ಹೆಸರು ಮತ್ತು ಬೀರುವಿನ ಅರೆ ಸಂಖ್ಯೆ ಮಾತ್ರ ಸಾಕು. ನಿಜಕ್ಕೂ ಬಾಕಿ ಇದ್ದದ್ದು ಮೂವತ್ತೊಂದೋ ಮೂವತ್ತೆರಡೋ. ಸ್ಥಿತಿ ಅನ್ನುವ ಕಾಲಂ ಕಿತ್ತುಹಾಕಿ ಅದರ ಜಾಗದಲ್ಲಿ ಮೂರು ಮಾಡಿದೆ: ಫೈಲಿನಲ್ಲಿರುವ ಕೊನೆಯ ಕಾಗದ ಯಾವುದು, ಕೆಲಸ ಈಗ ಯಾರ ಬಳಿ ನಿಂತಿದೆ, ಮುಂದೆ ಏನು ಯಾವಾಗ ಮಾಡಬೇಕು. ಕೊನೆಯ ಕಾಗದ ಬರೆಯುವುದರಲ್ಲಿ ನಮ್ಮ ಅಭಿಪ್ರಾಯ ಏನೂ ಇಲ್ಲ. ಫೈಲು ತೆಗೆದರೆ ಮೇಲೆ ಅದೇ ಇರುತ್ತದೆ, ಇಲ್ಲವೇ ಇರುವುದಿಲ್ಲ. ಜಗಳಕ್ಕೆ ಜಾಗವೇ ಉಳಿಯಲ್ಲ.

ಐದು ಸಾಲು ಹೀಗಿದ್ದವು. ತಾರೀಕು, ಪುಟ ಸಂಖ್ಯೆ ಹೆಚ್ಚುಕಡಿಮೆ ನೆನಪಿನಿಂದ ಹಾಕಿದ್ದೇನೆ.

| ಕ್ರ.ಸಂ. | ಕಡತ | ಪುಟ | ಕೊನೆಯ ಕಾಗದ | ಈಗ ಯಾರ ಬಳಿ | ಮುಂದಿನ ಕೆಲಸ, ಗಡುವು | ವಹಿಸಿಕೊಂಡವರು |
|---|---|---|---|---|---|---|
| 1 | ಮಾನ್ಯತೆ ನವೀಕರಣ | 1–112 | ಬಿಇಒ ಕಚೇರಿಯ ಆಕ್ಷೇಪಣೆ, 21-08 | ನಮ್ಮಲ್ಲಿ | ಅಗ್ನಿ ಸುರಕ್ಷತಾ ಪತ್ರ ಸೇರಿಸಿ ಉತ್ತರ, 15-10ರೊಳಗೆ | ಮುಖ್ಯ ಶಿಕ್ಷಕರು |
| 2 | ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹೆಸರು ತಿದ್ದುಪಡಿ, 3 ಮಕ್ಕಳು | 1–27 | ಮಂಡಳಿಗೆ ಕಳಿಸಿದ ಪತ್ರ, 04-08 | ಮಂಡಳಿ | ಅಕ್ಟೋಬರ್ ಮೊದಲ ವಾರ ನೆನಪೋಲೆ | ಕಚೇರಿ ಸಹಾಯಕಿ |
| 3 | ಹಳೇ ಬಸ್ಸಿನ ಫಿಟ್‌ನೆಸ್ ಸರ್ಟಿಫಿಕೇಟ್, ಅಂದರೆ ಎಫ್‌ಸಿ | 1–38 | ವಿಮೆ ನವೀಕರಣ, 12-07 | ನಮ್ಮಲ್ಲಿ | ಎಫ್‌ಸಿ ಮುಗಿಯುವುದು 09-11. ಅಕ್ಟೋಬರ್ ಕೊನೆಯೊಳಗೆ ಅರ್ಜಿ | ಬಸ್ ಉಸ್ತುವಾರಿ ಶಿಕ್ಷಕರು |
| 4 | ಆರ್‌ಟಿಇ ಶುಲ್ಕ ಮರುಪಾವತಿ, ಹಿಂದಿನ ಕಂತು | 1–64 | ನಮ್ಮ ಬೇಡಿಕೆ ಪತ್ರ, 30-06 | ಬಿಇಒ ಕಚೇರಿ | ಹಣ ಬಂದರೆ ಬ್ಯಾಂಕ್ ಪುಸ್ತಕದೊಂದಿಗೆ ತಾಳೆ | ಅಕೌಂಟೆಂಟ್ |
| 5 | ಪಿಎಫ್, ಒಬ್ಬ ಶಿಕ್ಷಕಿಯ ಜನ್ಮದಿನಾಂಕ ತಿದ್ದುಪಡಿ | 1–9 | ಶಿಕ್ಷಕಿಯ ಅರ್ಜಿ, 18-07 | ಯಾರ ಬಳಿಯೂ ಇಲ್ಲ | ಜಾಯಿಂಟ್ ಡಿಕ್ಲರೇಶನ್ ಹಾಕಬೇಕು | ಕಾರ್ಯದರ್ಶಿ |

"ಯಾರ ಬಳಿಯೂ ಇಲ್ಲ" ಅಂತ ಬರೆಯಲು ಕೈ ನಡುಗಿತು. ಅದು ನನ್ನದೇ ಸೋಮಾರಿತನ. ಎರಡು ತಿಂಗಳಿಂದ ಅರ್ಜಿ ಇಟ್ಟುಕೊಂಡು ಕೂತಿದ್ದೆ. ಆದರೆ ಹಾಗೆ ಮೂರು ಸಾಲು ನಿಜ ಬರೆದ ಮೇಲೆ ಉಳಿದ ಸಾಲುಗಳನ್ನು ಯಾರೂ ಅನುಮಾನಿಸಲಿಲ್ಲ.

ಪುಟದ ಕಾಲಂ ಬಿಡಬೇಡಿ. ಪೆನ್ಸಿಲ್ ಹಿಡಿದು ಪ್ರತಿ ಹಾಳೆಯ ಬಲಮೂಲೆಗೆ ಸಂಖ್ಯೆ ಹಾಕಿದೆ. ಸಂಜೆ ಐದರಿಂದ ಏಳು, ಆರು ದಿನ ಹಿಡಿಯಿತು. ಮೂಲ ಪ್ರತಿ ಇರುವ ಪುಟಕ್ಕೆ ಪಟ್ಟಿಯಲ್ಲೇ ಚಿಕ್ಕದಾಗಿ "ಮೂ" ಅಂತ ಗುರುತು. ಜೆರಾಕ್ಸ್ ಉಳಿದು ಮೂಲ ಹೋಯಿತು ಅನ್ನುವ ರಗಳೆ ಬೇಡ ಅಂತ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಒಂದೊಂದು ಫೈಲಿನ ಕಥೆಯನ್ನೂ ವಾಟ್ಸಾಪ್ ಧ್ವನಿಯಲ್ಲಿ ಹೇಳಿ ಕಚೇರಿ ಗುಂಪಿಗೆ ಹಾಕಿದೆ. ಮೂವತ್ತಕ್ಕೂ ಹೆಚ್ಚು ತುಣುಕು. ಒಬ್ಬರೂ ಕೇಳಲಿಲ್ಲ. ಅಟೆಂಡರ್ ಅಣ್ಣ ಮಾತ್ರ ಕೇಳಿ, "ನಿಮ್ಮ ದನಿ ರೇಡಿಯೋಗೆ ಚೆನ್ನಾಗಿದೆ ಸಾರ್" ಅಂದ. ಗೂಗಲ್ ಶೀಟೂ ಮಾಡಿದ್ದೆ. ನಾನು ಬಿಟ್ಟ ವಾರದಲ್ಲೇ ಕಚೇರಿಯ ಪಾಸ್‌ವರ್ಡ್ ಬದಲಾಯಿಸಿದರು, ನನ್ನ ಶೀಟು ನನಗೇ ಕಾಣದಂತಾಯಿತು. ಅಚ್ಚು ಹಾಕಿ ರುಜು ತೆಗೆದುಕೊಂಡ ಹಾಳೆಯೇ ಕೊನೆಗೆ ಉಳಿದದ್ದು.

ನಿಜವಾದ ತಲೆನೋವು ಉತ್ತರಾಧಿಕಾರಿಯದು. ನನ್ನ ಜಾಗಕ್ಕೆ ಯಾರೂ ಇರಲಿಲ್ಲ. "ಹೊಸಬರು ಬರಲಿ, ಆಮೇಲೆ ಚಾರ್ಜ್ ಕೊಟ್ಟು ಹೋಗಿ" ಅಂದರು. ಈ ಮಾತಿಗೆ ಒಪ್ಪಿದವರು ವರ್ಷಗಟ್ಟಲೆ ಅಲ್ಲೇ ಕೂತದ್ದನ್ನು ನೋಡಿದ್ದೇನೆ. ಖಾಲಿ ಬಿಟ್ಟರೆ ಆ ಸಾಲು ನನ್ನ ಹೆಸರಲ್ಲೇ ಉಳಿಯುತ್ತದೆ. ಹಾಗಾಗಿ ಯಾವ ಸಾಲನ್ನೂ ಖಾಲಿ ಬಿಡಲಿಲ್ಲ. ಇರುವವರಿಗೆ ಹಂಚಿದೆ. ಯಾರಿಗೂ ಸೇರದ ಹದಿನಾಲ್ಕು ಸಾಲಿಗೆ "ಹೊಸ ಗುಮಾಸ್ತರು ಬರುವವರೆಗೆ ಕಾರ್ಯದರ್ಶಿಯವರು" ಅಂತ ಬರೆದೆ. ತಮ್ಮ ಹೆಸರು ಹದಿನಾಲ್ಕು ಕಡೆ ಕಂಡ ಮೇಲೆ ಕಾರ್ಯದರ್ಶಿಗಳು ನಾಲ್ಕೇ ದಿನದಲ್ಲಿ ಒಬ್ಬ ಹುಡುಗಿಯನ್ನು ನೇಮಿಸಿದರು! ಅಲ್ಲಿಯವರೆಗೆ ಅವರಿಗೆ ಒಬ್ಬರೂ ಸಿಕ್ಕಿರಲಿಲ್ಲವಂತೆ. ಐದನೇ ಸಾಲಿನಲ್ಲೂ ಅವರ ರುಜು ಹೊಡೆದು ಅವಳ ರುಜು ಬಂತು.

ರುಜುವನ್ನು ಪಟ್ಟಿಯ ಕೆಳಗೆ ಒಂದೇ ಕಡೆ ತೆಗೆದುಕೊಳ್ಳಬೇಡಿ. ಪ್ರತಿ ಸಾಲಿಗೂ, ತಾರೀಕಿನ ಸಮೇತ. ಫೈಲನ್ನು ಕೈಗೆ ಕೊಟ್ಟು, ಕೊನೆಯ ಪುಟ ತೋರಿಸಿ, ಆಗಲೇ ಹಾಕಿಸಬೇಕು. ಅಕೌಂಟೆಂಟ್ ಮಾತ್ರ ಚಿಲ್ಲರೆ ಖರ್ಚಿನ ಹಣದ ಸಾಲಿಗೆ ರುಜು ಹಾಕಲು ಹದಿನೈದು ದಿನ ಸತಾಯಿಸಿದರು. ಅವರಿಂದ ಹೇಗೆ ಹಾಕಿಸಿದೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಇನ್ನೂ ಒಂದೇ ಊರಲ್ಲಿದ್ದೇವೆ.

ಪತ್ರ ಬಹಳ ಚಿಕ್ಕದು:

"ಮಾನ್ಯರೇ, ವೈಯಕ್ತಿಕ ಕಾರಣದಿಂದ ಗುಮಾಸ್ತ ಹುದ್ದೆಗೆ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ನೇಮಕಾತಿ ಪತ್ರದಂತೆ ಒಂದು ತಿಂಗಳ ಮುಂಚಿತ ಸೂಚನೆ ನೀಡುತ್ತಿದ್ದು, 30-09-2023ರ ಕಚೇರಿ ವೇಳೆಯ ನಂತರ ನನ್ನನ್ನು ಬಿಡುಗಡೆ ಮಾಡಬೇಕಾಗಿ ಕೋರುತ್ತೇನೆ. ನನ್ನ ಬಳಿ ಬಾಕಿ ಇರುವ ಕಡತಗಳ ವಿವರ ಮತ್ತು ವಹಿಸಿಕೊಳ್ಳುವವರ ಹೆಸರನ್ನು ಅನುಬಂಧ-1ರಲ್ಲಿ ಲಗತ್ತಿಸಿದ್ದೇನೆ. ಅದು ಈ ಪತ್ರದ ಭಾಗ."

ಆ ಕೊನೆಯ ಸಾಲು ಇಲ್ಲದಿದ್ದರೆ ಪತ್ರ ಒಂದು ಫೈಲಿಗೆ, ಪಟ್ಟಿ ಇನ್ನೊಂದು ಫೈಲಿಗೆ ಹೋಗುತ್ತದೆ. ಸೆಪ್ಟೆಂಬರ್ 1ಕ್ಕೆ ಕೊಟ್ಟ ಪ್ರತಿಯಲ್ಲಿ ರುಜು ಇರಲಿಲ್ಲ, ಹೆಸರು ಮಾತ್ರ. ರುಜು ತುಂಬಿದ ಪ್ರತಿಯನ್ನು ಬಿಡುಗಡೆಯ ದಿನ ಮತ್ತೆ ಕೊಟ್ಟೆ.

ಇಲ್ಲೊಂದು ಎಡವಟ್ಟಾಯಿತು. ಆವಕ ಮೊಹರು ಹೊಡೆಯುವವನು ನಾನೇ. ನನ್ನ ರಾಜೀನಾಮೆಗೆ ನಾನೇ ಮೊಹರು ಹೊಡೆದು, ನಾನೇ ಸಂಖ್ಯೆ ಬರೆದು, ಸ್ವೀಕೃತಿ ಪ್ರತಿ ಮನೆಗೆ ಒಯ್ದೆ. "ನೀವೇ ಹೊಡೆದುಕೊಂಡ ಮೊಹರು, ನಮಗೆ ಪತ್ರ ಯಾವಾಗ ಬಂತು ಅಂತ ಯಾರಿಗೆ ಗೊತ್ತು?" ಅಂದರು. ಪುಣ್ಯಕ್ಕೆ ಅದೇ ದಿನ ಒಂದು ಪ್ರತಿಯನ್ನು ಸ್ವೀಕೃತಿ ಚೀಟಿ ಸಮೇತ ರಿಜಿಸ್ಟರ್ಡ್ ಪೋಸ್ಟ್ ಮಾಡಿದ್ದೆ. ಮೂವತ್ತು ರೂಪಾಯಿ ಆಸುಪಾಸು ಆಯಿತು. ನೋಟಿಸಿನ ತಿಂಗಳ ಲೆಕ್ಕ ಅದರಿಂದ ಉಳಿಯಿತು.

ಈಗ ದುಡ್ಡಿನ ವಿಷಯ. ನನ್ನ ಮೂಲ ವೇತನ, ಡಿಎ ಸೇರಿ 14,300. ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 8,250. ಹನ್ನೊಂದು ವರ್ಷಕ್ಕೆ 90,750 ಗ್ರಾಚ್ಯುಟಿ. ಹನ್ನೊಂದು ವರ್ಷದ ಮೇಲೆ ಆರು ತಿಂಗಳು ದಾಟಿದ್ದರೆ ಹನ್ನೆರಡು ಅಂತ ಹಿಡಿಯುತ್ತಿದ್ದರು. ಡಿಸೆಂಬರ್ ಕೊನೆಯವರೆಗೆ ಕಾದಿದ್ದರೆ ಇನ್ನೊಂದು 8,250 ಬರುತ್ತಿತ್ತು. ಪಟ್ಟಿ ಮಾಡುವ ಭರದಲ್ಲಿ ಕ್ಯಾಲೆಂಡರ್ ನೋಡಲಿಲ್ಲ, ದಡ್ಡತನ.

ಕಾನೂನಿನ ಪ್ರಕಾರ ಗ್ರಾಚ್ಯುಟಿಯನ್ನು ಮೂವತ್ತು ದಿನದೊಳಗೆ ಕೊಡಬೇಕು. ನಮ್ಮಲ್ಲಿ "ನೋಡೋಣ" ಅಂತ ನವೆಂಬರ್ ಬಂತು. ಆಗ ಫೋನು. ಹಳೇ ಬಸ್ಸು ಎಫ್‌ಸಿ ಮುಗಿದ ಮೇಲೂ ಓಡಿ, ತಪಾಸಣೆಯಲ್ಲಿ ಸಿಕ್ಕಿಬಿದ್ದಿತ್ತು. ದಂಡ ಕೆಲವು ಸಾವಿರ, ಜೊತೆಗೆ ನಾಲ್ಕು ದಿನ ಬಾಡಿಗೆ ವ್ಯಾನು. "ನೀವು ಹೇಳದೇ ಹೋದಿರಿ, ನಿಮ್ಮ ಹಣದಲ್ಲಿ ಹಿಡಿದುಕೊಳ್ತೀವಿ" ಅಂದರು ಕಾರ್ಯದರ್ಶಿಗಳು. ನಾನು ಮಾತು ಬೆಳೆಸಲಿಲ್ಲ. ಮೂರನೇ ಸಾಲಿನ ಫೋಟೋ ಕಳಿಸಿದೆ. ಮುಗಿಯುವ ತಾರೀಕು, ಅರ್ಜಿ ಹಾಕಬೇಕಾದ ಗಡುವು, ಪಕ್ಕದಲ್ಲಿ ಉಸ್ತುವಾರಿ ಶಿಕ್ಷಕರ ರುಜು. ಅದರ ಹಿಂದೆಯೇ ಗ್ರಾಚ್ಯುಟಿ ಅರ್ಜಿಯ ಪ್ರತಿಯನ್ನೂ ಕಳಿಸಿ, ಮುಂದಿನ ವಾರ ಕಾರ್ಮಿಕ ಇಲಾಖೆಗೆ ಹೋಗ್ತೀನಿ ಅಂತ ಮಾತ್ರ ಬರೆದೆ. ಹತ್ತೋ ಹನ್ನೊಂದೋ ದಿನಕ್ಕೆ ಪೂರ್ತಿ 90,750ರ ಚೆಕ್ಕು ಬಂತು. ಅದನ್ನು ತಂದುಕೊಟ್ಟವರು, ಪಟ್ಟಿಗಿಟ್ಟಿ ಬೇಡ ಅಂದಿದ್ದ ಅದೇ ಅಕೌಂಟೆಂಟ್. "ಆ ಪಟ್ಟಿಯ ನಮೂನೆ ಒಂದು ಕೊಡು" ಅಂತಲೂ ಕೇಳಿದರು.

ಪಟ್ಟಿಯಿಂದ ಕೆಲಸ ಆಗುತ್ತದೆ ಅಂತ ತಿಳಿಯಬೇಡಿ. ಬಸ್ಸಿನ ಎಫ್‌ಸಿ ಆಗಲೇ ಇಲ್ಲವಲ್ಲ. ಐದನೇ ಸಾಲಿನ ಕಥೆ ಇನ್ನೂ ಕೆಟ್ಟದು. ಹೊಸ ಹುಡುಗಿ ಎರಡೇ ತಿಂಗಳಿಗೆ ಬಿಟ್ಟಳು, ಅವಳಾದ ಮೇಲೆ ಬಂದವರಿಗೆ ನನ್ನ ಪಟ್ಟಿ ಕೈಗೇ ಸಿಗಲಿಲ್ಲ. ಫೆಬ್ರವರಿಯಲ್ಲಿ ಆ ಶಿಕ್ಷಕಿ ನನಗೇ ಫೋನ್ ಮಾಡಿ, "ಅಣ್ಣಾ, ನನ್ನ ಪಿಎಫ್ ಏನಾಯ್ತು?" ಅಂದರು. ಒಂದು ಶನಿವಾರ ಹೋಗಿ, ಬೀರುವಿನ ಎರಡನೇ ಅರೆಯಿಂದ ಆ ಒಂಬತ್ತು ಪುಟ ತೆಗೆದುಕೊಟ್ಟು, ಡಿಕ್ಲರೇಶನ್ ತುಂಬಿಸಿ ಬಂದೆ.