ಹಳೆಯ ಕ್ಯಾಬಿನೆಟ್‌ಗೆ ಹೊಸ ಮದರ್‌ಬೋರ್ಡ್: ಮುಂಭಾಗದ ವೈರುಗಳನ್ನು ಜೋಡಿಸುವುದು ಹೇಗೆ?

ಕಂಪ್ಯೂಟರನ್ನು ಬಿಡಿಬಿಡಿಯಾಗಿ ಕೊಂಡು ಮನೆಯಲ್ಲೇ ಜೋಡಿಸುವವರು ಪ್ರೊಸೆಸರ್, ರ‍್ಯಾಮ್‌ಗಳನ್ನು ಕೂರಿಸುವಾಗ ಅಷ್ಟಾಗಿ ತಡವರಿಸುವುದಿಲ್ಲ. ಅವು ಕೂರುವುದು ಒಂದೇ ರೀತಿಯಲ್ಲಿ. ಅವರ ಕೈ ನಿಲ್ಲುವುದು ಕ್ಯಾಬಿನೆಟ್‌ನ ಮುಂಭಾಗದಿಂದ ಇಳಿಬಿದ್ದಿರುವ ಸಣ್ಣ ವೈರುಗಳ ಗೊಂಚಲಿನ ಮುಂದೆ. ದಾವಣಗೆರೆಯ ವಿದ್ಯಾನಗರದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನು ಮಂಡಿಪೇಟೆಯ ತಂದೆಯ ಅಂಗಡಿಯಲ್ಲಿ ಲೆಕ್ಕ ಬರೆಯಲು ಬಳಸುತ್ತಿದ್ದ ಹಳೆಯ ಕ್ಯಾಬಿನೆಟ್‌ಗೆ ಹೊಸ ಬೋರ್ಡ್ ಹಾಕಿದಾಗ ಎದುರಾದ ತೊಂದರೆಯನ್ನೇ ಹಿಡಿದುಕೊಂಡು ಈ ಜೋಡಣೆಯನ್ನು ವಿವರಿಸಬಹುದು. ಬಟನ್ ಒತ್ತಿದೊಡನೆ ಫ್ಯಾನ್ ತಿರುಗುತ್ತಿತ್ತು, ಆದರೆ ಸುಮಾರು ನಾಲ್ಕು ಸೆಕೆಂಡಿನಲ್ಲಿ ಎಲ್ಲವೂ ಆರಿಹೋಗುತ್ತಿತ್ತು. ಕಂಪ್ಯೂಟರಿಗೆ ಕರೆಂಟ್ ಪೂರೈಸುವ ಎಸ್‌ಎಂಪಿಎಸ್ ಕೆಟ್ಟಿದೆಯೆಂದು ತೀರ್ಮಾನಿಸಿ ಹೊಸದನ್ನು ಕೊಳ್ಳಲು ಆತ ಹೊರಟಿದ್ದ.

ಮೊದಲು ಬಟನ್ ಮಾಡುವ ಕೆಲಸವೇನೆಂದು ತಿಳಿಯಬೇಕು. ಮನೆಯ ಗೋಡೆಯ ಸ್ವಿಚ್ಚಿನಂತೆ ಕ್ಯಾಬಿನೆಟ್‌ನ ಪವರ್ ಬಟನ್ ಕರೆಂಟನ್ನು ತಾನೇ ಹಾಯಿಸುವುದಿಲ್ಲ. ಎಸ್‌ಎಂಪಿಎಸ್‌ಗೆ ಕರೆಂಟ್ ಬಂದಿರುವಷ್ಟು ಹೊತ್ತೂ, ಕಂಪ್ಯೂಟರ್ ಆಫ್ ಆಗಿದ್ದರೂ, ಅದು 5 ವೋಲ್ಟಿನ ಸಣ್ಣ ಪೂರೈಕೆಯೊಂದನ್ನು ಬೋರ್ಡಿಗೆ ಕೊಡುತ್ತಲೇ ಇರುತ್ತದೆ. ಬಟನ್ ಒತ್ತಿದಾಗ ಎರಡು ಪಿನ್ನುಗಳು ಕ್ಷಣಕಾಲ ಒಂದಕ್ಕೊಂದು ತಾಗುತ್ತವೆ. ಅದನ್ನು ಗಮನಿಸಿದ ಬೋರ್ಡ್, 24 ಪಿನ್ನಿನ ದೊಡ್ಡ ಕನೆಕ್ಟರಿನಲ್ಲಿರುವ ಹಸಿರು ವೈರಿನ ಮೂಲಕ ಎಸ್‌ಎಂಪಿಎಸ್‌ಗೆ ಪೂರ್ತಿಯಾಗಿ ಚಾಲೂ ಆಗುವಂತೆ ಸೂಚಿಸುತ್ತದೆ. ಅದೇ ಎರಡು ಪಿನ್ನುಗಳು ನಾಲ್ಕು ಸೆಕೆಂಡಿನಷ್ಟು ಕಾಲ ತಾಗಿಕೊಂಡೇ ಇದ್ದರೆ, ಕಂಪ್ಯೂಟರನ್ನು ಬಲವಂತವಾಗಿ ಆರಿಸಬೇಕೆಂದು ಬೋರ್ಡ್ ಅರ್ಥಮಾಡಿಕೊಳ್ಳುತ್ತದೆ. ಹ್ಯಾಂಗ್ ಆದ ಕಂಪ್ಯೂಟರನ್ನು ನಾವು ಬಟನ್ ಒತ್ತಿಹಿಡಿದು ಆರಿಸುವುದು ಇದೇ ರೀತಿಯಲ್ಲಿ. ವಿದ್ಯಾರ್ಥಿಯ ಕಂಪ್ಯೂಟರಿನ ರೋಗ ಏನೆಂದು ಓದುಗರು ಈಗಾಗಲೇ ಊಹಿಸಿರಬಹುದು.

ಈಗ ಆ ಪಿನ್ನುಗಳನ್ನು ಹುಡುಕೋಣ. ಬೋರ್ಡನ್ನು ಕ್ಯಾಬಿನೆಟ್‌ನಲ್ಲಿ ಕೂರಿಸಿದ ಮೇಲೆ ಸಾಮಾನ್ಯವಾಗಿ ಕೆಳಗಿನ ಬಲ ಮೂಲೆಯ ಹತ್ತಿರ, ಎರಡು ಸಾಲಿನಲ್ಲಿ ಒಟ್ಟು ಒಂಬತ್ತು ಪಿನ್ನುಗಳಿರುವ ಒಂದು ಹೆಡರ್ ಕಾಣುತ್ತದೆ. ಅದರ ಪಕ್ಕದಲ್ಲಿ `F_PANEL`, `PANEL1` ಅಥವಾ `JFP1` ಎಂದು ಅಚ್ಚಾಗಿರುತ್ತದೆ. ಹತ್ತನೆಯ ಪಿನ್ನಿನ ಜಾಗ ಖಾಲಿ. ಹೆಡರಿನ ದಿಕ್ಕನ್ನು ಗುರುತಿಸಲು ಅದೇ ಆಧಾರ. ಬಹುತೇಕ ಬೋರ್ಡ್‌ಗಳಲ್ಲಿ ಜೋಡಣೆ ಹೀಗಿರುತ್ತದೆ; ಇದರಲ್ಲಿ PLED ಎಂದರೆ ಪವರ್ ದೀಪ, HDD ಎಂದರೆ ಹಾರ್ಡ್‌ಡಿಸ್ಕ್ ದೀಪ, PWR_SW ಎಂದರೆ ಪವರ್ ಬಟನ್:

```
2 PLED+   4 PLED-   6 PWR_SW   8 PWR_SW   (10 ಖಾಲಿ)
1 HDD+    3 HDD-    5 RESET    7 RESET     9
```

ಎಲ್ಲ ತಯಾರಕರೂ ಇದನ್ನೇ ಅನುಸರಿಸುತ್ತಾರೆಂದು ನಂಬುವಂತಿಲ್ಲ. ಕೆಲವು ಬೋರ್ಡ್‌ಗಳಲ್ಲಿ ಸ್ಪೀಕರ್ ಪಿನ್ನುಗಳೂ ಸೇರಿ ಹೆಡರ್ ಉದ್ದವಾಗಿರುತ್ತದೆ. ಬೋರ್ಡಿನ ಜೊತೆ ಬಂದ ಪುಸ್ತಿಕೆಯ ಚಿತ್ರವೇ ಕೊನೆಯ ಮಾತು. ಪುಸ್ತಿಕೆ ಕಳೆದಿದ್ದರೆ ಬೋರ್ಡಿನ ಮಾದರಿ ಸಂಖ್ಯೆಯನ್ನು ನೋಡಿ ತಯಾರಕರ ಜಾಲತಾಣದಿಂದ ಇಳಿಸಿಕೊಳ್ಳಬಹುದು.

ಕ್ಯಾಬಿನೆಟ್‌ನ ಒಂದು ವೈರನ್ನೂ ಜೋಡಿಸುವ ಮೊದಲು ಬೋರ್ಡ್ ತಾನಾಗಿ ಚಾಲೂ ಆಗುತ್ತದೆಯೇ ಎಂದು ನೋಡುವುದು ಒಳ್ಳೆಯ ಅಭ್ಯಾಸ. ಅಶೋಕ ರಸ್ತೆಯ ರಿಪೇರಿ ಅಂಗಡಿಯವರು ಆ ವಿದ್ಯಾರ್ಥಿಗೆ ಹೇಳಿದ್ದೂ ಇದನ್ನೇ: "ತಮ್ಮಾ, ಎಸ್‌ಎಂಪಿಎಸ್ ಆಮೇಲೆ ತಗೊಳ್ಳುವಂತಿ. ಮೊದಲು ಮುಂದಿನ ವೈರೆಲ್ಲಾ ಕಿತ್ತು, ಸ್ಕ್ರೂಡ್ರೈವರ್ ಮುಟ್ಟಿಸಿ ನೋಡು." 24 ಪಿನ್ನಿನ ಕನೆಕ್ಟರ್ ಮತ್ತು ಪ್ರೊಸೆಸರಿನ ಪಕ್ಕದ ಪವರ್ ಕನೆಕ್ಟರ್ ಎರಡೂ ಸರಿಯಾಗಿ ಕೂತಿವೆಯೆಂದು ಖಚಿತಪಡಿಸಿಕೊಂಡು, ಎಸ್‌ಎಂಪಿಎಸ್‌ನ ಹಿಂದಿನ ಸ್ವಿಚ್ ಹಾಕಿ, ಚಪ್ಪಟೆ ತುದಿಯ ಸಣ್ಣ ಸ್ಕ್ರೂಡ್ರೈವರನ್ನು 6 ಮತ್ತು 8ನೆಯ ಪಿನ್ನುಗಳಿಗೆ ಒಟ್ಟಿಗೆ ಅರ್ಧ ಸೆಕೆಂಡು ತಾಗಿಸಿ ತೆಗೆಯಬೇಕು. ಅಲ್ಲಿರುವುದು ಅತಿ ಸಣ್ಣ ವಿದ್ಯುತ್ತಾದ್ದರಿಂದ ಶಾಕ್ ಹೊಡೆಯುವ ಭಯವಿಲ್ಲ. ಆದರೆ ಕೈ ಜಾರಿ 9ನೆಯ ಪಿನ್ನನ್ನು ಪಕ್ಕದ ಪಿನ್ನಿಗೆ ಸೇರಿಸಬಾರದು, ಏಕೆಂದರೆ ಕೆಲವು ಬೋರ್ಡ್‌ಗಳಲ್ಲಿ ಅದರಲ್ಲಿ 5 ವೋಲ್ಟ್ ಇರುತ್ತದೆ.

ಹೀಗೆ ತಾಗಿಸಿದಾಗ ವಿದ್ಯಾರ್ಥಿಯ ಕಂಪ್ಯೂಟರ್ ಚಾಲೂ ಆಯಿತು, ಮತ್ತೆ ಆರಲಿಲ್ಲ. ಅಂದರೆ ಎಸ್‌ಎಂಪಿಎಸ್ ಕೆಟ್ಟಿರಲಿಲ್ಲ; ಬೋರ್ಡೂ ಸರಿಯಾಗಿತ್ತು. ಉಳಿದದ್ದು ಬಟನ್. ಅದರ ಎರಡು ತೂತಿನ ಸಣ್ಣ ಪ್ಲಗ್ಗಿಗೆ ಮಲ್ಟಿಮೀಟರಿನ ಎರಡು ಕಡ್ಡಿಗಳನ್ನಿಟ್ಟು ಬೀಪ್ ಸದ್ದಿನ ಸ್ಥಾನದಲ್ಲಿ ಪರೀಕ್ಷಿಸಿದರೆ, ಒತ್ತಿದಾಗ ಮಾತ್ರ ಸದ್ದು ಬರಬೇಕು. ಇಲ್ಲಿ ಬಟನ್ ಬಿಟ್ಟ ಮೇಲೂ ಸದ್ದು ನಿಲ್ಲಲಿಲ್ಲ. ಮಂಡಿಯ ಧೂಳು ವರ್ಷಗಟ್ಟಲೆ ಸೇರಿ ಪ್ಲಾಸ್ಟಿಕ್ ಬಟನ್ ಒಳಗೇ ಸಿಕ್ಕಿಕೊಳ್ಳುತ್ತಿತ್ತು. ಬೆರಳು ತೆಗೆದ ಮೇಲೂ ಬೋರ್ಡಿನ ಲೆಕ್ಕದಲ್ಲಿ ಯಾರೋ ಒತ್ತಿಹಿಡಿದೇ ಇದ್ದಂತೆ. ಸ್ಕ್ರೂಡ್ರೈವರ್ ತಾಗಿಸಿದರೂ ಚಾಲೂ ಆಗದಿದ್ದರೆ ಮಾತ್ರ ಎಸ್‌ಎಂಪಿಎಸ್, ಅದರ ಕನೆಕ್ಟರುಗಳು ಅಥವಾ ಬೋರ್ಡಿನ ಕಡೆಗೆ ಅನುಮಾನ ತಿರುಗಿಸಬೇಕು.

ಬಟನ್ ಬಿಚ್ಚಿ ಶುಚಿಗೊಳಿಸಬಹುದು. ಅದಕ್ಕಿಂತ ಸುಲಭದ ದಾರಿಯೂ ಇದೆ: ರೀಸೆಟ್ ಬಟನ್ ಕೂಡ ಒತ್ತಿದಾಗ ಮಾತ್ರ ತಾಗುವ ಅದೇ ಬಗೆಯ ಸ್ವಿಚ್ ಆದ್ದರಿಂದ, ಅದರ ಪ್ಲಗ್ಗನ್ನು 6 ಮತ್ತು 8ನೆಯ ಪಿನ್ನುಗಳಿಗೆ ಹಾಕಿದರೆ ರೀಸೆಟ್ ಬಟನ್ನೇ ಪವರ್ ಬಟನ್ ಆಗುತ್ತದೆ. ಅಂಗಡಿಯವರು ಮಾಡಿಕೊಟ್ಟದ್ದೂ ಇಷ್ಟೇ. ತಪ್ಪಿ ಎರಡು ಪ್ಲಗ್ಗುಗಳು ಅದಲುಬದಲಾದವರಿಗೂ ಇದರಿಂದ ಕುರುಹು ಸಿಗುತ್ತದೆ: ಪವರ್ ಬಟನ್ ಒತ್ತಿದರೆ ಏನೂ ಆಗದೆ, ರೀಸೆಟ್ ಒತ್ತಿದರೆ ಕಂಪ್ಯೂಟರ್ ಚಾಲೂ ಆದರೆ ಪ್ಲಗ್ಗುಗಳು ಜಾಗ ಬದಲಿಸಿವೆಯೆಂದೇ ಅರ್ಥ.

ಸ್ವಿಚ್ಚಿನ ಪ್ಲಗ್ಗನ್ನು ಯಾವ ದಿಕ್ಕಿಗೆ ಹಾಕಿದರೂ ನಡೆಯುತ್ತದೆ, ಎರಡು ತುದಿಗಳು ತಾಗಿದರೆ ಸಾಕು. ಎಲ್‌ಇಡಿ ದೀಪಗಳಿಗೆ ಮಾತ್ರ ಪ್ಲಸ್, ಮೈನಸ್ ಇದೆ. ಬಣ್ಣದ ವೈರು ಸಾಮಾನ್ಯವಾಗಿ ಪ್ಲಸ್, ಬಿಳಿ ಅಥವಾ ಕಪ್ಪು ಮೈನಸ್. ತಿರುವುಮುರುವಾಗಿ ಹಾಕಿದರೆ ದೀಪ ಉರಿಯುವುದಿಲ್ಲ, ಬೇರೇನೂ ಕೆಡುವುದಿಲ್ಲ, ತಿರುಗಿಸಿ ಹಾಕಿದರಾಯಿತು. ಹಳೆಯ ಕ್ಯಾಬಿನೆಟ್‌ಗಳಲ್ಲಿ ಪವರ್ ದೀಪದ ಪ್ಲಗ್ಗಿಗೆ ಮೂರು ತೂತುಗಳಿದ್ದು ನಡುವಿನದು ಖಾಲಿ ಇರುತ್ತದೆ, ಹಾಗಾಗಿ ಅದು ಅಕ್ಕಪಕ್ಕದ 2 ಮತ್ತು 4ನೆಯ ಪಿನ್ನುಗಳಿಗೆ ಹೊಂದುವುದಿಲ್ಲ. ಪ್ಲಗ್ಗಿನ ಬದಿಯಲ್ಲಿ, ಪ್ಲಸ್ ವೈರಿನ ಕಡೆ ಕಾಣುವ ಪ್ಲಾಸ್ಟಿಕ್ಕಿನ ಪುಟ್ಟ ನಾಲಗೆಯನ್ನು ಸೂಜಿಯಿಂದ ಮೆಲ್ಲಗೆ ಎತ್ತಿದರೆ ಒಳಗಿನ ಲೋಹದ ತುದಿ ವೈರಿನೊಂದಿಗೆ ಹೊರಬರುತ್ತದೆ. ಅದನ್ನು ನಡುವಿನ ತೂತಿಗೆ ತಳ್ಳಿ, ಟಕ್ ಎಂದು ಕೂರುವವರೆಗೆ ಒತ್ತಬೇಕು. ವೈರು ಕತ್ತರಿಸಿ ಟೇಪ್ ಸುತ್ತುವ ಅಗತ್ಯವೇ ಇಲ್ಲ.

ಇಲ್ಲಿಯವರೆಗಿನ ತಪ್ಪುಗಳು ಹೆಚ್ಚಿನವು ನಷ್ಟವಿಲ್ಲದವು. ಯುಎಸ್‌ಬಿ ವಿಷಯ ಹಾಗಲ್ಲ, ಅಲ್ಲಿನ ತಪ್ಪು ಪೆನ್‌ಡ್ರೈವನ್ನೋ ಮೊಬೈಲನ್ನೋ ಬಲಿ ತೆಗೆದುಕೊಳ್ಳಬಹುದು. ಆದ್ದರಿಂದ ಈ ಹಂತದಲ್ಲಿ ಎಸ್‌ಎಂಪಿಎಸ್‌ನ ಸ್ವಿಚ್ ಆರಿಸಿ, ಗೋಡೆಯ ಪ್ಲಗ್ಗನ್ನೂ ಕಿತ್ತು ಕೆಲಸ ಮಾಡಬೇಕು. ಬಟನ್ ಒತ್ತದಿದ್ದರೂ ಬೋರ್ಡಿನಲ್ಲಿ 5 ವೋಲ್ಟ್ ಇರುತ್ತದೆ ಎಂಬುದು ನೆನಪಿರಲಿ.

ಯುಎಸ್‌ಬಿ 2.0 ಹೆಡರ್ ಕೂಡ ಒಂಬತ್ತು ಪಿನ್ನಿನದೇ, ಆದರೆ ಅದರಲ್ಲಿ 9ನೆಯ ಜಾಗ ಖಾಲಿ. ಹೆಡರಿನ ಒಂದೊಂದು ಸಾಲು ಮುಂಭಾಗದ ಒಂದೊಂದು ಪೋರ್ಟಿಗೆ; D-, D+ ಮಾಹಿತಿ ಸಾಗುವ ಪಿನ್ನುಗಳು, GND ಗ್ರೌಂಡ್, NC ಏನೂ ಜೋಡಿಸದ ಪಿನ್ನು:

```
2 +5V   4 D-   6 D+   8 GND   10 NC
1 +5V   3 D-   5 D+   7 GND   (9 ಖಾಲಿ)
```

ಈಚಿನ ಕ್ಯಾಬಿನೆಟ್‌ಗಳಲ್ಲಿ ಇವೆಲ್ಲ ಒಂದೇ ಪ್ಲಗ್ಗಿನಲ್ಲಿ ಬರುತ್ತವೆ ಮತ್ತು ಖಾಲಿ ಜಾಗಕ್ಕೆ ಎದುರಾಗಿ ಪ್ಲಗ್ಗಿನ ತೂತು ಮುಚ್ಚಿರುತ್ತದೆ, ಹಾಗಾಗಿ ತಿರುವುಮುರುವಾಗಿ ಹೋಗುವುದಿಲ್ಲ. ಬೋರ್ಡಿನಲ್ಲಿ `COM` ಎಂದು ಬರೆದಿರುವ ಹೆಡರಿನ ಆಕಾರವೂ ಇದರಂತೆಯೇ ಇದ್ದು, ಅಲ್ಲಿ ಖಾಲಿ ಇರುವುದು 10ನೆಯ ಜಾಗ. ಯುಎಸ್‌ಬಿ ಪ್ಲಗ್ ಸುಲಭವಾಗಿ ಇಳಿಯದಿದ್ದರೆ ಬಲ ಹಾಕದೆ, ಯಾವ ಹೆಡರಿನ ಮೇಲಿದ್ದೇವೆಂದು ಮತ್ತೊಮ್ಮೆ ಓದಬೇಕು.

ಆದರೆ ವಿದ್ಯಾರ್ಥಿಯ ಕ್ಯಾಬಿನೆಟ್ ಹಳೆಯದು. ಅದರಲ್ಲಿ ಒಂದೊಂದು ಪೋರ್ಟಿಗೆ ನಾಲ್ಕರಂತೆ ಎಂಟು ಬಿಡಿ ತುದಿಗಳಿದ್ದವು. ಕೆಂಪು 5 ವೋಲ್ಟ್, ಬಿಳಿ ಡಿ ಮೈನಸ್, ಹಸಿರು ಡಿ ಪ್ಲಸ್, ಕಪ್ಪು ಗ್ರೌಂಡ್ ಎಂಬುದು ರೂಢಿಯಾದರೂ ಅಗ್ಗದ ಕ್ಯಾಬಿನೆಟ್‌ಗಳಲ್ಲಿ ಬಣ್ಣವನ್ನು ಕಣ್ಣುಮುಚ್ಚಿ ನಂಬಬಾರದು. ಪೋರ್ಟಿನೊಳಗೆ ಕಾಣುವ ನಾಲ್ಕು ಲೋಹದ ಪಟ್ಟಿಗಳಲ್ಲಿ ಒಂದು ತುದಿಯದು 5 ವೋಲ್ಟ್, ಇನ್ನೊಂದು ತುದಿಯದು ಗ್ರೌಂಡ್. ಮಲ್ಟಿಮೀಟರಿನ ಬೀಪ್ ಸ್ಥಾನದಲ್ಲಿ ಒಂದು ಕಡ್ಡಿಯನ್ನು ಪಟ್ಟಿಗೂ ಇನ್ನೊಂದನ್ನು ವೈರಿನ ತುದಿಗೂ ತಾಗಿಸಿ, ಯಾವ ಬಣ್ಣ ಯಾವ ಪಟ್ಟಿಗೆ ಹೋಗುತ್ತದೆಂದು ಕಾಗದದ ಮೇಲೆ ಬರೆದುಕೊಂಡರೆ ಅನುಮಾನ ಉಳಿಯುವುದಿಲ್ಲ. ಯಾವ ತುದಿ ಯಾವುದೆಂದು ತಿಳಿಯಲು, ಕರೆಂಟ್ ಕೊಟ್ಟು ಚಾಲೂ ಮಾಡಿ, ಹಿಂಭಾಗದ ಸರಿಯಿರುವ ಪೋರ್ಟೊಂದರಲ್ಲಿ ಕ್ಯಾಬಿನೆಟ್ ಲೋಹವನ್ನು ಗ್ರೌಂಡಾಗಿ ಹಿಡಿದು 5 ವೋಲ್ಟ್ ಯಾವ ತುದಿಯಲ್ಲಿದೆಯೆಂದು ಅಳೆಯಬಹುದು. ಕಪ್ಪೋ ಬಿಳಿಯೋ ಆದ ಪ್ಲಾಸ್ಟಿಕ್ ನಾಲಗೆ ಒಂದೇ ಕಡೆಗಿರುವಂತೆ ಹಿಡಿದು ಎರಡೂ ಪೋರ್ಟುಗಳನ್ನು ಹೋಲಿಸಬೇಕು. ಅಳೆಯುವಾಗ ಕಡ್ಡಿ ಎರಡು ಪಟ್ಟಿಗಳಿಗೆ ಒಟ್ಟಿಗೆ ತಾಗದಿರಲಿ. ಅಳತೆ ಮುಗಿದೊಡನೆ ಮತ್ತೆ ಪ್ಲಗ್ ಕಿತ್ತು, ಆಮೇಲೆ ಬಿಡಿ ವೈರುಗಳನ್ನು ಹೆಡರಿಗೆ ಸೇರಿಸಬೇಕು.

ತಪ್ಪಾಗಿದ್ದರೆ ತಿಳಿಯುವುದು ಹೇಗೆ? ಹಸಿರು, ಬಿಳಿ ವೈರುಗಳು ಅದಲುಬದಲಾದರೆ ಸಾಧನಕ್ಕೆ ಕರೆಂಟ್ ಸಿಗುತ್ತದೆ, ಆದರೆ ಅದು ಕೆಲಸ ಮಾಡುವುದಿಲ್ಲ. ವಿಂಡೋಸ್ ಪರದೆಯಲ್ಲಿ `USB device not recognized` ಎಂಬ ಸೂಚನೆ ಬರಬಹುದು. ಇದರಿಂದ ಸಾಮಾನ್ಯವಾಗಿ ಹಾನಿಯಿಲ್ಲ. ಕೆಂಪು, ಕಪ್ಪು ಅದಲುಬದಲಾದರೆ ಮಾತ್ರ ಸಾಧನ ಬಿಸಿಯಾಗಿ ಸುಟ್ಟುಹೋಗುವ ಅಪಾಯವಿದೆ. ಆದ್ದರಿಂದ ಚಾಲೂ ಮಾಡಿದ ಮೇಲೆ ಮೊದಲು ಮುಂಭಾಗದ ಪೋರ್ಟಿನ ವೋಲ್ಟೇಜನ್ನು ಅಳೆದು, ನಂತರ ಕಳೆದುಕೊಂಡರೂ ಚಿಂತೆಯಿಲ್ಲದ ಹಳೆಯ ಮೌಸನ್ನು ಹಾಕಿ ನೋಡಬೇಕು. ಪ್ರಾಜೆಕ್ಟ್ ರಿಪೋರ್ಟ್ ಇರುವ ಪೆನ್‌ಡ್ರೈವ್‌ನಿಂದ ಪರೀಕ್ಷೆ ಆರಂಭಿಸುವುದು ಜಾಣತನವಲ್ಲ.

ಯುಎಸ್‌ಬಿ 3.0 ಪ್ಲಗ್ ಅಗಲವಾಗಿದ್ದು 19 ಪಿನ್ನಿನ, ಸುತ್ತ ಪ್ಲಾಸ್ಟಿಕ್ ಗೋಡೆಯಿರುವ ಹೆಡರಿಗೆ ಹೋಗುತ್ತದೆ. ಗೋಡೆಯ ಕಚ್ಚು ದಿಕ್ಕನ್ನು ತೋರಿಸುವುದರಿಂದ ತಪ್ಪಾಗಿ ಜೋಡಿಸುವ ಭಯ ಕಡಿಮೆ, ಮುರಿಯುವ ಭಯ ಹೆಚ್ಚು. ಪಿನ್ನುಗಳು ತೆಳುವಾಗಿದ್ದು ಕೇಬಲ್ ದಪ್ಪ ಮತ್ತು ಬಿರುಸಾಗಿರುವುದರಿಂದ, ಓರೆಯಾಗಿ ಒತ್ತಿದರೆ ಪಿನ್ನು ಬಾಗುತ್ತದೆ. ಅಲ್ಲಾಡಿಸುತ್ತಾ ಎಳೆದರೆ ಪ್ಲಾಸ್ಟಿಕ್ ಗೋಡೆಯೇ ಪ್ಲಗ್ಗಿನೊಂದಿಗೆ ಕಿತ್ತುಬರುತ್ತದೆ. ಒಂದು ಕೈಯಿಂದ ಹೆಡರಿನ ಗೋಡೆಯನ್ನು ಹಿಡಿದು ಪ್ಲಗ್ಗನ್ನು ನೇರವಾಗಿ ಮೇಲಕ್ಕೆ ಎಳೆಯಬೇಕು. ಪಿನ್ನು ಬಾಗಿದ್ದರೆ ಸೂಜಿಯಿಂದ ಒಮ್ಮೆ ಮೆಲ್ಲಗೆ ನೇರಮಾಡಬಹುದು, ಪದೇಪದೇ ಬಾಗಿಸಿದರೆ ಮುರಿಯುತ್ತದೆ.

ಎಲ್ಲವೂ ಸರಿಯಿದ್ದೂ ಮುಂಭಾಗದ ಯುಎಸ್‌ಬಿ 2.0 ಪೋರ್ಟಿಗೆ ಹಾಕಿದ ಹಾರ್ಡ್‌ಡಿಸ್ಕ್ ಕಟಕಟ ಸದ್ದು ಮಾಡಿ ಪದೇಪದೇ ಕಾಣೆಯಾಗುತ್ತಿದ್ದರೆ ಜೋಡಣೆಯನ್ನು ಬಿಚ್ಚುವ ಮೊದಲು ಅದನ್ನು ಹಿಂಭಾಗದ ಪೋರ್ಟಿಗೆ ಹಾಕಿ ನೋಡಿ. ಯುಎಸ್‌ಬಿ 2.0 ನಿಯಮದಂತೆ ಒಂದು ಪೋರ್ಟಿನಿಂದ ಸಿಗುವುದು 500 ಮಿಲಿಆಂಪಿಯರ್. ಹಳೆಯ ಕ್ಯಾಬಿನೆಟ್‌ನ ಸಣಕಲು ವೈರಿನಲ್ಲಿ ವೋಲ್ಟೇಜ್ ಮತ್ತಷ್ಟು ಕುಸಿಯುತ್ತದೆ. ಹಿಂದೆ ಸರಿಯಾಗಿ ನಡೆದರೆ ದೋಷ ಬಹುಮಟ್ಟಿಗೆ ಆ ವೈರಿನದು, ಮತ್ತು ಅಂಥ ಡಿಸ್ಕನ್ನು ಹಿಂಭಾಗದಲ್ಲೇ ಇಟ್ಟುಕೊಂಡು ಮುಂಭಾಗದ ಪೋರ್ಟುಗಳನ್ನು ಮೌಸ್, ಪೆನ್‌ಡ್ರೈವ್‌ಗಳಿಗೆ ಬಿಡುವುದೇ ಸರಿ.