ಪಗಾರ ನಿಂತರೆ ಎಷ್ಟು ದಿನ? ಒಬ್ಬರೇ ದುಡಿಯುವ ಮನೆಯ ಆಪತ್ತಿನ ದುಡ್ಡಿನ ಲೆಕ್ಕ

ಆಪತ್ತಿಗೆ ಎಷ್ಟು ರೊಕ್ಕ ತೆಗೆದಿಡಬೇಕು ಎಂದು ಕೇಳಿದರೆ ಹೆಚ್ಚಿನವರು ‘ಆರು ತಿಂಗಳ ಪಗಾರ’ ಎಂದುಬಿಡುತ್ತಾರೆ. ದುಡಿಯುವ ಕೈ ಒಂದೇ ಇದ್ದು ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳು, ವಯಸ್ಸಾದ ತಂದೆತಾಯಿ ಇದ್ದರೆ ಆ ಲೆಕ್ಕ ಕೈ ಕೊಡುತ್ತದೆ. ಏಕೆಂದರೆ ಅಲ್ಲಿ ಬೀಳುವ ಆಪತ್ತು ಎರಡು ಬಗೆಯದು. ಒಂದು, ಪಗಾರ ನಿಲ್ಲುವುದು. ಇನ್ನೊಂದು, ಹಿರಿಯರು ಆಸ್ಪತ್ರೆ ಸೇರುವುದು. ಎರಡನ್ನೂ ಬೇರೆ ಬೇರೆ ಅಳೆದು ಕೊನೆಗೆ ಕೂಡಿಸಬೇಕು.

ಕಲಬುರಗಿಯ ಒಂದು ಮನೆಯನ್ನೇ ಹಿಡಿಯೋಣ. ಯಜಮಾನ ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾನೆ, ಪಗಾರ 34,000 ರೂಪಾಯಿ. ಬ್ರಹ್ಮಪುರದಲ್ಲಿ ಬಾಡಿಗೆ ಮನೆ. ಹೆಂಡತಿ, ಇಬ್ಬರು ಮಕ್ಕಳು, ಸಕ್ಕರೆ ಕಾಯಿಲೆ ಮತ್ತು ಬಿಪಿ ಇರುವ ಅಪ್ಪ, ಮೊಣಕಾಲು ನೋವಿನ ಅವ್ವ. ತಿಂಗಳ ಖರ್ಚು 31,000, ಉಳಿಯುವುದು 3,000.

ಮೊದಲು, ಪಗಾರ ನಿಂತ ತಿಂಗಳಿನ ಖರ್ಚು ಬರೆಯಿರಿ

ಈಗಿನ ಖರ್ಚಲ್ಲ, ಪಗಾರ ನಿಂತ ಮೇಲೂ ಬಿಡಲಾಗದ ಖರ್ಚು. ಇದನ್ನು ಗಂಡ ಹೆಂಡತಿ ಇಬ್ಬರೂ ಕೂತು ಬರೆಯಬೇಕು, ಒಬ್ಬರೇ ಬರೆದರೆ ಏನಾದರೂ ಬಿಟ್ಟುಹೋಗುತ್ತದೆ. ಈ ಮನೆಯಲ್ಲಿ ಗಂಡ ಪೆನ್ನು ಹಿಡಿದು ಒಂದೊಂದೇ ಹೊಡೆದುಹಾಕುತ್ತಾ ಹೋದಾಗ ಹೆಂಡತಿ ತಡೆದಳು: “ಟ್ಯೂಷನ್ ಬಿಡಿಸಬಹುದ್ರಿ, ಮಾವಾರ ಗುಳಿಗಿ ಬಿಡಿಸ್ಲಿಕ್ಕ ಆಗ್ತದೇನ್ರಿ?”

ಆಗುವುದಿಲ್ಲ. ಬಾಡಿಗೆ 7,000 ಹಾಗೆಯೇ ಉಳಿಯಿತು. ಜೋಳ, ಬೇಳೆ, ಹಾಲು, ಗ್ಯಾಸು ಸೇರಿ 9,500 ಇದ್ದದ್ದು 8,500ಕ್ಕೆ ಇಳಿಯಿತು. ಹಿರಿಯರ ಔಷಧ 2,800, ಬೈಕಿನ ಕಂತು 2,600, ವಿಮೆಯ ಕಂತು 1,200, ಕರೆಂಟು, ನೀರು, ಫೋನು 1,500, ಮಕ್ಕಳ ಶಾಲೆ ಆಟೊ 1,200, ಕೆಲಸ ಹುಡುಕಲು ಪೆಟ್ರೋಲು 700. ನೆಂಟರ ಮನೆಯ ಸಾವು, ಮದುವೆಗೆ ಬರಿಗೈಯಲ್ಲಿ ಹೋಗಲಾಗದು ಎಂದು 500. ಒಟ್ಟು 26,000. ಪಗಾರ ನಿಂತರೆ ಖರ್ಚು ಅರ್ಧಕ್ಕಿಳಿಯುತ್ತದೆ ಎಂದುಕೊಂಡವರು ಇಲ್ಲಿಯೇ ಎಡವುತ್ತಾರೆ. ಹಿರಿಯರಿರುವ ಮನೆಯಲ್ಲಿ ಕಡಿತಕ್ಕೆ ಸಿಗುವುದು ಬಹಳ ಸ್ವಲ್ಪ.

ಎಷ್ಟು ತಿಂಗಳು ಎನ್ನುವುದನ್ನು ನಿಮ್ಮ ಕಸುಬು ಹೇಳಲಿ

ಇಂಥದೇ ಪಗಾರದ ಇನ್ನೊಂದು ಕೆಲಸ ಇದೇ ಊರಲ್ಲಿ ಸಿಗಲು ಎಷ್ಟು ತಿಂಗಳು ಬೇಕು? ಅಷ್ಟೇ ತಿಂಗಳ ದುಡ್ಡು ಬೇಕು. ಕಾಯಂ ಸರ್ಕಾರಿ ನೌಕರಿ ಇರುವವರಿಗೆ ಮೂರು ತಿಂಗಳು ಸಾಕಾದೀತು. ದಾಲ್ ಮಿಲ್ಲಿನವರಿಗೆ ಸಾಲದು. ಮುಂಗಾರಿಗೆ ಬಿತ್ತಿದ ತೊಗರಿ ಮಾರುಕಟ್ಟೆಗೆ ಬರುವುದು ಡಿಸೆಂಬರ್, ಜನವರಿಯಲ್ಲಿ. ಜೂನ್‌ನಲ್ಲಿ ಕೆಲಸ ಹೋದರೆ ಹೊಸ ಮಾಲು ಬಂದು ಮಿಲ್ಲುಗಳು ಭರದಿಂದ ತಿರುಗುವವರೆಗೆ ಹೊಸಬರನ್ನು ಕರೆಯುವುದು ಕಡಿಮೆ. ಹಾಗಾಗಿ ಈ ಮನೆಗೆ ಆರು ತಿಂಗಳು: 26,000ದಂತೆ 1,56,000 ರೂಪಾಯಿ.

ಇದಕ್ಕೆ ಇನ್ನೆರಡು ಸೇರಬೇಕು. ಮೊದಲನೆಯದು ಶಾಲೆ ಫೀಸು. ವರ್ಷಕ್ಕೆ 36,000, ಜೂನ್‌ನಲ್ಲಿ ಅರ್ಧ, ನವೆಂಬರ್‌ನಲ್ಲಿ ಅರ್ಧ. ಇದನ್ನು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 3,000 ಎಂದು ಬರೆದುಕೊಂಡರೆ ಆರು ತಿಂಗಳಿಗೆ 18,000 ಮಾತ್ರ ಆಗುತ್ತದೆ. ಆದರೆ ಜೂನ್‌ನಿಂದ ನವೆಂಬರ್‌ವರೆಗಿನ ಆರು ತಿಂಗಳಲ್ಲಿ ಎರಡೂ ಕಂತು ಬೀಳುತ್ತವೆ. ಕೆಟ್ಟ ಆರು ತಿಂಗಳನ್ನೇ ಹಿಡಿದು ಪೂರ್ತಿ 36,000 ಬರೆಯಿರಿ.

ಎರಡನೆಯದು ಕಿರಾಣಿ ಉದ್ರಿ. ಇದು ಯಾರ ಲೆಕ್ಕದಲ್ಲೂ ಇರುವುದಿಲ್ಲ. ತಿಂಗಳಿಡೀ ಖಾತೆ ಬರೆಸಿ ಪಗಾರದ ದಿನ ತೀರಿಸುವ ಮನೆಯಲ್ಲಿ ಕೊನೆಯ ಪಗಾರ ಹಳೆ ಬಾಕಿಗೇ ಹೋಗುತ್ತದೆ. ಕೆಲಸ ಹೋದ ಸುದ್ದಿ ಅಂಗಡಿಗೆ ಮುಟ್ಟಿದ ಮೇಲೆ ಹೊಸ ಉದ್ರಿ ಹುಟ್ಟುವುದು ಕಷ್ಟ, ರೋಖ ಕೊಟ್ಟೇ ಸಾಮಾನು ತರಬೇಕು. ಅದಕ್ಕಾಗಿ ಒಂದು ತಿಂಗಳ ಕಿರಾಣಿ ಹೆಚ್ಚಿಗೆ, 8,500. ಇಲ್ಲಿಗೆ 2,00,500 ಆಯಿತು.

ಆಸ್ಪತ್ರೆಯ ಗಂಟು ಬೇರೆ

ಕಾರ್ಡು ಇದೆಯಲ್ಲ ಎನ್ನುತ್ತೀರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಸಿಗುವುದು ನಿಗದಿತ ಪ್ಯಾಕೇಜ್ ದರದ ಶೇ 30 ಮಾತ್ರ. ಯೋಜನೆಗೆ ಸೇರದ ಆಸ್ಪತ್ರೆಗೆ ಹೋದರೆ ಕಾರ್ಡು ನಡೆಯುವುದಿಲ್ಲ. ಹೃದಯದ ಕಾಯಿಲೆಗೆ ಈಗ ಊರಲ್ಲೇ ಜಯದೇವ ಇದೆ. ಆದರೂ ಎಷ್ಟೋ ಕಾಯಿಲೆಗೆ ನಮ್ಮವರು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಗಾಡಿ ಹತ್ತುತ್ತಾರೆ.

ಹಾಗಾಗಿ ವಿಮೆ, ಕಾರ್ಡು ಎಷ್ಟು ಕೊಡುತ್ತದೆ ಎಂದು ನೋಡಬೇಡಿ. ನಿಮ್ಮ ಕೈಯಿಂದ ಏನು ಹೋಗುತ್ತದೆ ಎಂದು ನೋಡಿ. ಹಿಂದಿನ ಸಲದ ಚೀಟಿಗಳನ್ನು ಹುಡುಕಿ ತೆಗೆದರೆ ಉತ್ತರ ಅಲ್ಲೇ ಇರುತ್ತದೆ. ಈ ಮನೆಯವರು ಅಪ್ಪನ ಹಳೆ ಫೈಲು ಬಿಚ್ಚಿ ನೋಡಿದರು. ದಾಖಲಾಗುವಾಗ ಕಟ್ಟಿಸಿಕೊಂಡ ಅಡ್ವಾನ್ಸು 40,000, ತಪಾಸಣೆ ಮತ್ತು ಹೊರಗಿನ ಔಷಧ 18,000, ಗಾಡಿ, ಊಟ, ಲಾಡ್ಜು 12,000. ಫೈಲಿನಲ್ಲಿ ಇರದ ಒಂದು ಖರ್ಚೂ ಇತ್ತು: ಹದಿನೈದು ದಿನ ಮಗ ಅಪ್ಪನ ಪಕ್ಕ ಕೂತಿದ್ದಕ್ಕೆ ಕಡಿತವಾದ ಪಗಾರ, 17,000. ಕೂಡಿದರೆ 87,000, ಸುಮಾರು 90,000 ಅನ್ನೋಣ.

ಎರಡರಲ್ಲಿ ದೊಡ್ಡದೊಂದು ಇದ್ದರೆ ಸಾಲದೇ ಎಂದು ಕೇಳಬಹುದು. ಸಾಲದು. ದುಡಿಯುವವನೇ ಹಾಸಿಗೆ ಹಿಡಿದರೆ ಪಗಾರವೂ ನಿಲ್ಲುತ್ತದೆ, ಬಿಲ್ಲೂ ಬರುತ್ತದೆ. ಆದ್ದರಿಂದ ಒಟ್ಟು 2,90,500. ‘ಆರು ಪಗಾರ’ದ ಲೆಕ್ಕ ಹಿಡಿದಿದ್ದರೆ 2,04,000ಕ್ಕೇ ನಿಂತುಬಿಡುತ್ತಿದ್ದರು.

ಗೃಹಲಕ್ಷ್ಮಿಯ 2,000 ಬಂದರೆ ಬರಲಿ, ಕಂತು ತಡವಾಗುವುದುಂಟು, ಲೆಕ್ಕಕ್ಕೆ ಹಿಡಿಯಬೇಡಿ. ಚೀಟಿ ಹಣವನ್ನೂ ಹಿಡಿಯಬೇಡಿ, ನಿಮ್ಮ ಪಾಳಿ ಬಂದ ತಿಂಗಳೇ ಆಪತ್ತು ಬರುವುದಿಲ್ಲ.

ಯಾವುದನ್ನು ಮೊದಲು ತುಂಬಬೇಕು

ಆಸ್ಪತ್ರೆಯ 90,000. ಎಪ್ಪತ್ತರ ಆಸುಪಾಸಿನವರು ಮನೆಯಲ್ಲಿದ್ದಾಗ ಮೊದಲು ಬಾಗಿಲು ಬಡಿಯುವುದು ಅದೇ ಎಂಬುದು ನನ್ನ ಅನುಭವ. ತಿಂಗಳಿಗೆ 3,000ದಂತೆ ಹದಿನಾಲ್ಕು ತಿಂಗಳಿಗೆ 42,000, ನಡುವೆ ಒಂದು ದೀಪಾವಳಿ ಬೋನಸ್ 20,000. ಅಷ್ಟರಲ್ಲಿ ಬೈಕಿನ ಕಂತು ಮುಗಿಯುತ್ತದೆ. ಮುಂದೆ 5,600ರಂತೆ ಐದು ತಿಂಗಳು ಕಟ್ಟಿದರೆ 90,000 ತುಂಬುತ್ತದೆ. ಕಂತು ಮುಗಿದದ್ದರಿಂದ ಆರು ತಿಂಗಳ ಅಗತ್ಯವೂ 15,600 ಇಳಿಯುತ್ತದೆ. ಸಾಲ ತೀರಿಸಿದರೆ ಎರಡು ಕಡೆಯಿಂದ ಲಾಭ.

ಎಲ್ಲಿಡಬೇಕು

ಆಸ್ಪತ್ರೆಯ ಗಂಟು ಉಳಿತಾಯ ಖಾತೆಯಲ್ಲೇ ಇರಲಿ, ಬಡ್ಡಿಯ ಆಸೆ ಬೇಡ. ಖಾತೆ ಗಂಡ ಹೆಂಡತಿ ಇಬ್ಬರ ಹೆಸರಲ್ಲಿರಲಿ, ಇಬ್ಬರಲ್ಲಿ ಯಾರಾದರೂ ತೆಗೆಯುವಂತಿರಲಿ. ಉಳಿದ ಎರಡು ಲಕ್ಷವನ್ನು ಒಂದೇ ಎಫ್‌ಡಿಯಾಗಿ ಇಡದೆ 40,000ದ ಐದು ಎಫ್‌ಡಿ ಮಾಡಿ. ಒಂದನ್ನು ಮುರಿದರೆ ಉಳಿದ ನಾಲ್ಕರ ಬಡ್ಡಿಗೆ ಪೆಟ್ಟು ಬೀಳುವುದಿಲ್ಲ. ಜಂಟಿ ಎಫ್‌ಡಿಯನ್ನು ಅವಧಿಗೆ ಮೊದಲು ಮುರಿಯಲು ಸಾಮಾನ್ಯವಾಗಿ ಇಬ್ಬರ ಸಹಿಯೂ ಬೇಕು. ಗಂಡ ಐಸಿಯುನಲ್ಲಿದ್ದಾಗ ಆ ಸಹಿ ಎಲ್ಲಿಂದ ತರುವುದು? ಒಬ್ಬರ ಸಹಿಯಿಂದ ಮುರಿಯಲು ಏನು ಬರೆದುಕೊಡಬೇಕೆಂದು ಎಫ್‌ಡಿ ಮಾಡುವ ದಿನವೇ ಬ್ಯಾಂಕಿನಲ್ಲಿ ಕೇಳಿ, ಬರೆದುಕೊಟ್ಟು ಬನ್ನಿ.

ಎಲ್ಲ ಆದ ಮೇಲೆ ಒಂದು ದಿನ ಮನೆಯಾಕೆ ಒಬ್ಬಳೇ ಎಟಿಎಂಗೆ ಹೋಗಿ ಆ ಖಾತೆಯಿಂದ 500 ರೂಪಾಯಿ ತೆಗೆದು ತರಲಿ. ಪಿನ್ ನೆನಪಿಲ್ಲ, ಕಾರ್ಡಿನ ಅವಧಿ ಮುಗಿದಿದೆ, ಫೋನ್ ನಂಬರು ಹಳೆಯದು ಎಂಬುದೆಲ್ಲ ಅವತ್ತೇ ಗೊತ್ತಾಗಲಿ.